ಅನುದಾನಿತ ಶಾಲೆ, 2006ರ ನಂತರ ಸೇರಿದವರು: ನಮ್ಮ ಪಿಂಚಣಿ, ಪಿಎಫ್ ಯಾರು ಕಟ್ಟಬೇಕು?

ಗಣಿತ ಮೇಷ್ಟ್ರು (ಜುಲೈ 3, 2024, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಳೆದ ವಾರ ನಮ್ಮ ವಿಜ್ಞಾನದ ಮೇಷ್ಟ್ರು ನಿವೃತ್ತರಾದರು. ಶಾಲು, ಹಾರ, ಫಲತಾಂಬೂಲ, ಹಳೇ ವಿದ್ಯಾರ್ಥಿಗಳು ತಂದ ಗಡಿಯಾರ, ಎಲ್ಲ ಆಯಿತು. ಮುಗಿದ ಮೇಲೆ ಅವರನ್ನು ಮನೆಗೆ ಬಿಡಲು ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಒಂದೇ ಮಾತು ಹೇಳಿದರು: "ಆಗಸ್ಟಿನಿಂದ ಅಕೌಂಟಿಗೆ ಏನೂ ಬರೋದಿಲ್ಲಪ್ಪ."

ಅವರು 1994ರಲ್ಲಿ ಸೇರಿದವರು. ಆಗ ಶಾಲೆಗೆ ಅನುದಾನ ಇರಲಿಲ್ಲ. ಟ್ರಸ್ಟಿನವರು ಕೊಟ್ಟ ಕೆಲವು ನೂರು ರೂಪಾಯಿಗೆ ಪಾಠ ಮಾಡಿದರು. 2008ರಲ್ಲಿ ಅನುದಾನ ಬಂತು, ಸಂಬಳ ಸರಿಯಾಯಿತು. ಒಟ್ಟು 30 ವರ್ಷ ಸೇವೆ. ಪಿಂಚಣಿ ಸೊನ್ನೆ.

ನನ್ನ ಕಥೆ ಸ್ವಲ್ಪ ಬೇರೆ. ಇದೇ ಟ್ರಸ್ಟಿನ ಅನುದಾನ ಇಲ್ಲದ ಪ್ರೈಮರಿ ಶಾಲೆಗೆ 2006ರ ಜೂನ್‌ನಲ್ಲಿ ಸೇರಿದೆ. 2010ರ ಜೂನ್‌ನಲ್ಲಿ ಹೈಸ್ಕೂಲಿನ ಅನುದಾನಿತ ಹುದ್ದೆ ಖಾಲಿ ಇತ್ತು, ಇಲಾಖೆಯ ಅನುಮೋದನೆ ಪಡೆದು ಅದಕ್ಕೆ ತೆಗೆದುಕೊಂಡರು. ನನ್ನ ಸಂಬಳದ ಚೀಟಿಯಲ್ಲಿ ವೃತ್ತಿ ತೆರಿಗೆ 200, ಎಲ್‌ಐಸಿ ಕಂತು, ಅಷ್ಟೇ. ಪಿಂಚಣಿಗೆ ಅಂತ ಒಂದು ರೂಪಾಯಿಯೂ ಕಡಿತ ಇಲ್ಲ. ಕಾರ್ಯದರ್ಶಿಗಳನ್ನು ಕೇಳಿದರೆ "ಸಂಬಳ ಕೊಡೋದು ಸರ್ಕಾರ, ಅವರನ್ನೇ ಕೇಳಿ" ಅಂತಾರೆ. ಬಿಇಒ ಕಚೇರಿಯಲ್ಲಿ ಕೇಳಿದರೆ "ನೇಮಕ ಮಾಡಿದ್ದು ಮ್ಯಾನೇಜ್‌ಮೆಂಟ್, ಅವರನ್ನೇ ಕೇಳಿ" ಅಂತಾರೆ. ನನಗೀಗ 44 ವರ್ಷ. ಇನ್ನೂ 16 ವರ್ಷ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ, ಕಟ್ಟಬೇಕಾದವರು ಯಾರು?

ಮಲ್ನಾಡ್ ಹುಡ್ಗ (ರಾತ್ರಿ 10:05)

ಸರ್, 1-4-2006ರ ನಂತರ ಸೇರಿದವರಿಗೆಲ್ಲ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ ಅಲ್ವಾ? ನಾನು ಸರ್ಕಾರಿ ಪ್ರೈಮರಿ ಶಾಲೆಯವನು. ನನಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ 10% ಕಡಿತ ಆಗುತ್ತೆ, ಸರ್ಕಾರ 14% ಸೇರಿಸುತ್ತೆ. ನಿಮಗೂ ಅದೇ ಇರಬೇಕು. ಖಜಾನೆಯಲ್ಲಿ ನಿಮ್ಮ ಎನ್‌ಪಿಎಸ್ ಖಾತೆಯ ಪ್ರಾನ್ ನಂಬರ್ ಕೇಳಿ, ಕ್ಲರ್ಕ್ ಹಾಕೋದು ಮರೆತಿರಬಹುದು.

ಹಳೇ ಗುಮಾಸ್ತ (ರಾತ್ರಿ 11:20)

ತಮ್ಮಾ, ಕ್ಲರ್ಕ್ ಮರೆತಿಲ್ಲ. ಸರ್ಕಾರಿ ಶಾಲೆಯ ಲೆಕ್ಕ ಅನುದಾನಿತ ಶಾಲೆಗೆ ಬರೋದಿಲ್ಲ, ಎಲ್ಲರೂ ಎಡವುವುದು ಇಲ್ಲೇ.

ನಾನು ಒಂದು ಅನುದಾನಿತ ಪದವಿ ಕಾಲೇಜಿನ ಕಚೇರಿಯಲ್ಲಿ 31 ವರ್ಷ ಇದ್ದೆ. ಗೊತ್ತಿರೋದನ್ನು ಹೇಳ್ತೀನಿ. 1-4-2006ಕ್ಕೆ ಮೊದಲು ಅನುದಾನಿತ ಹುದ್ದೆಗೆ ಅನುಮೋದನೆ ಆದವರಿಗೆ ಸರ್ಕಾರವೇ ಪಿಂಚಣಿ ಕೊಡುತ್ತೆ, ಸರ್ಕಾರಿ ನೌಕರರ ಹಾಗೆಯೇ. ನಾನೂ ಅದರಲ್ಲೇ ಬದುಕುತ್ತಿದ್ದೇನೆ. ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಆ ದಿನಾಂಕದ ನಂತರ ಬಂದವರಿಗೆ ಸರ್ಕಾರ ಹೇಳಿದ್ದು ಇಷ್ಟು: ಸಂಬಳಕ್ಕೆ ಅನುದಾನ ಕೊಡ್ತೀವಿ, ಪಿಂಚಣಿಯ ಹೊಣೆ ನಮ್ಮದಲ್ಲ. ಎನ್‌ಪಿಎಸ್ ಮಾಡಿದರೆ ಮಾಲೀಕರ ಪಾಲನ್ನು ಆಡಳಿತ ಮಂಡಳಿ ಕಟ್ಟಬೇಕು. ಮಂಡಳಿಗಳು ಕಟ್ಟಲಿಲ್ಲ. ಹಳೇ ಪಿಂಚಣಿಯೂ ಇಲ್ಲ, ಹೊಸದೂ ಇಲ್ಲ ಅನ್ನುವ ಒಂದು ತಲೆಮಾರೇ ಹೀಗೆ ಹುಟ್ಟಿಕೊಂಡಿತು. 2022ರ ಅಕ್ಟೋಬರಿನಿಂದ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಕೂತಿದ್ದವರು ಇವರೇ.

ನಿಮ್ಮ ವಿಜ್ಞಾನದ ಮೇಷ್ಟ್ರ ವಿಷಯ ಇನ್ನೂ ಕಷ್ಟದ್ದು. ನೇಮಕ 1994ರದ್ದು, ಆದರೆ ಅನುದಾನ ಬಂದದ್ದು 2008ರಲ್ಲಿ. ಸರ್ಕಾರ ನೋಡೋದು ಎರಡನೇ ದಿನಾಂಕವನ್ನು. ಅಂಥವರು ಕೋರ್ಟಿಗೆ ಹೋಗಿ ಹಿಂದಿನ ಸೇವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಕೇಳಿದರು. ಕೆಲವರಿಗೆ ಅನುಕೂಲವಾದ ತೀರ್ಪೂ ಬಂತು. ಆಮೇಲೆ 2014ರಲ್ಲಿ ಸರ್ಕಾರ ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಬಗ್ಗೆಯೇ ಒಂದು ಕಾಯ್ದೆ ತಂದು, ಅನುದಾನಕ್ಕೆ ಮೊದಲಿನ ಸೇವೆ ಇವಕ್ಕೆ ಸಿಗೋದಿಲ್ಲ ಅಂತ ಬರೆಯಿತು.

ಮೇಷ್ಟ್ರೇ, ಒಂದು ಕೆಲಸ ಮಾಡಿ. 2010ರಲ್ಲಿ ನಿಮ್ಮ ನೇಮಕಕ್ಕೆ ಇಲಾಖೆ ಕೊಟ್ಟ ಅನುಮೋದನೆ ಆದೇಶ ಹುಡುಕಿ. ಟ್ರಸ್ಟ್ ಕೊಟ್ಟ ನೇಮಕ ಪತ್ರ ಅಲ್ಲ, ಇಲಾಖೆಯ ಆದೇಶ. ಅದರ ಕೊನೆಯಲ್ಲಿ ಷರತ್ತುಗಳು ಇರುತ್ತವೆ. ಪಿಂಚಣಿ ಬಗ್ಗೆ ಏನು ಬರೆದಿದೆ ಅಂತ ಹಾಗೇ ಇಲ್ಲಿ ಟೈಪ್ ಮಾಡಿ.

ಸೌಮ್ಯ ಟೀಚರ್ (ಜುಲೈ 4, ಬೆಳಿಗ್ಗೆ 7:15)

ನಾನು ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿದ್ದೇನೆ. ನಮಗೆ 22,000 ಸಂಬಳ, 1,800 ಪಿಎಫ್ ಕಡಿತ. ಆದರೆ ಸಂಬಳ ಮಾತಾಡುವಾಗಲೇ ಮ್ಯಾನೇಜ್‌ಮೆಂಟಿನ 1,800 ಕೂಡ ಅದರಲ್ಲೇ ಸೇರಿದೆ ಅಂದಿದ್ದರು. ಇದು ಸರೀನಾ? ಸರ್ಕಾರ ನಮಗೂ ಕೊಡುತ್ತಾ?

ಹಳೇ ಗುಮಾಸ್ತ (ಬೆಳಿಗ್ಗೆ 7:50)

ಇಲ್ಲಮ್ಮ, ನಿಮ್ಮದು ಅನುದಾನ ಇಲ್ಲದ ಶಾಲೆ. ಸರ್ಕಾರಕ್ಕೂ ನಿಮ್ಮ ಪಿಎಫ್‌ಗೂ ಸಂಬಂಧ ಇಲ್ಲ. ಎರಡು ಪಾಲೂ ನಿಮ್ಮ ಹೆಸರಿಗೆ ಜಮಾ ಆಗ್ತಿದೆಯಾ ಅಂತ ಪಾಸ್‌ಬುಕ್ ನೋಡಿಕೊಳ್ಳಿ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆದರೆ ಒಳ್ಳೆಯದು. ಇಲ್ಲಿ ಬೆರೆತರೆ ಮೇಷ್ಟ್ರ ಪ್ರಶ್ನೆ ಕಳೆದುಹೋಗುತ್ತೆ.

ಗಣಿತ ಮೇಷ್ಟ್ರು (ಸಂಜೆ 6:30)

ಗುರುಗಳೇ, ಆದೇಶ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದೆ, ಇಷ್ಟು ವರ್ಷ ಮೊದಲ ಪುಟ ಬಿಟ್ಟು ತಿರುಗಿಸಿಯೇ ಇರಲಿಲ್ಲ. ಎರಡನೇ ಪುಟದ ಆರನೇ ಷರತ್ತು: ಈ ನೌಕರರಿಗೆ ಹೊಸ ಪಿಂಚಣಿ ಯೋಜನೆ ಅನ್ವಯಿಸುತ್ತದೆ, ವಂತಿಗೆಯ ಆಡಳಿತ ಮಂಡಳಿಯ ಪಾಲನ್ನು ಮಂಡಳಿಯೇ ಭರಿಸತಕ್ಕದ್ದು, ಸರ್ಕಾರಕ್ಕೆ ಯಾವುದೇ ಆರ್ಥಿಕ ಹೊಣೆ ಇರುವುದಿಲ್ಲ. ಕೆಳಗೆ ಪ್ರತಿ ಕಳಿಸಿದವರ ಪಟ್ಟಿಯಲ್ಲಿ ನಮ್ಮ ಟ್ರಸ್ಟಿನ ಕಾರ್ಯದರ್ಶಿ ಹೆಸರೂ ಇದೆ. ಅಂದರೆ 14 ವರ್ಷದಿಂದ ಅವರ ಕಡತದಲ್ಲೂ ಇದು ಇದೆ.

ಒಬ್ಬ ಕಾರ್ಯದರ್ಶಿ (ರಾತ್ರಿ 8:45)

ನಾನು ನಿಮ್ಮ ಟ್ರಸ್ಟಿನವನಲ್ಲ. ಉತ್ತರ ಕರ್ನಾಟಕದಲ್ಲೇ ಎರಡು ಅನುದಾನಿತ ಶಾಲೆ ನಡೆಸುವ ಒಂದು ಚಿಕ್ಕ ಸಂಸ್ಥೆಯ ಕಾರ್ಯದರ್ಶಿ. ನಮ್ಮ ಕಡೆಯ ಮಾತನ್ನೂ ಕೇಳಿ.

ನಮ್ಮಲ್ಲಿ 2006ರ ನಂತರದವರು 8 ಜನ ಇದ್ದಾರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ಸರಾಸರಿ 60,000 ಅಂತ ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯವರ ಹಾಗೆ 14% ಕಟ್ಟಬೇಕು ಅಂದರೆ ಒಬ್ಬರಿಗೆ ತಿಂಗಳಿಗೆ 8,400. ಎಂಟು ಜನರಿಗೆ 67,200. ವರ್ಷಕ್ಕೆ 8 ಲಕ್ಷ ದಾಟುತ್ತೆ. ಹಳ್ಳಿಯ ಕನ್ನಡ ಶಾಲೆ ನಮ್ಮದು. ಮಕ್ಕಳಿಂದ ಅಷ್ಟು ಫೀಸು ತೆಗೆದುಕೊಳ್ಳೋಕೆ ಆಗೋದಿಲ್ಲ, ತೆಗೆದುಕೊಳ್ಳಲೂಬಾರದು. ಅನುದಾನ ಅಂತ ಬರೋದು ಸಂಬಳಕ್ಕೆ ಮಾತ್ರ, ಅದೂ ನೇರವಾಗಿ ಶಿಕ್ಷಕರ ಖಾತೆಗೇ ಹೋಗುತ್ತೆ. ನಮ್ಮ ಕೈಗೆ ಬರೋದಿಲ್ಲ. ಸೋರುವ ಚಾವಣಿಗೆ ಶೀಟು ಹಾಕಿಸೋಕೆ ಊರಿನಲ್ಲಿ ಚಂದಾ ಎತ್ತುತ್ತೇವೆ. ಎಲ್ಲಿಂದ ತರೋದು ಹೇಳಿ.

ಗಣಿತ ಮೇಷ್ಟ್ರು (ರಾತ್ರಿ 9:10)

ಸರ್, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ನಮ್ಮ ಶಾಲೆಯ ಚಾವಣಿಯೂ ಸೋರುತ್ತೆ. ಆದರೆ ಹುದ್ದೆ ಭರ್ತಿಗೆ ಅನುಮೋದನೆ ಕೇಳಿದ್ದು ಸಂಸ್ಥೆ. ಆ ಷರತ್ತು ಇಟ್ಟ ಆದೇಶವನ್ನು ಒಪ್ಪಿಕೊಂಡದ್ದೂ ಸಂಸ್ಥೆ. "ಪಿಂಚಣಿ ಕಟ್ಟೋಕೆ ನಮ್ಮಿಂದ ಆಗಲ್ಲ" ಅಂತ ಆ ದಿನವೇ ನನಗೆ ಹೇಳಿದ್ದರೆ ನಾನು 30ನೇ ವಯಸ್ಸಿನಲ್ಲೇ ನನ್ನ ದಾರಿ ನೋಡಿಕೊಳ್ಳುತ್ತಿದ್ದೆ. ಯಾರೂ ಹೇಳಲಿಲ್ಲ. ನನಗೆ ನೋವಾಗಿರೋದು ಅದಕ್ಕೆ.

ಕಾಸರಗೋಡು ಕನ್ನಡತಿ (ರಾತ್ರಿ 10:00)

ಗಡಿ ಈಚೆಯಿಂದ ಒಂದು ಮಾತು. ನಾನು ಕಾಸರಗೋಡಿನ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿದ್ದೇನೆ. ನಮ್ಮನ್ನೂ ನೇಮಕ ಮಾಡೋದು ಮ್ಯಾನೇಜರೇ. ಆದರೆ ಸಂಬಳದ ಹಾಗೆಯೇ ಪಿಂಚಣಿಯೂ ಕೇರಳ ಸರ್ಕಾರದ್ದು. ಇಲ್ಲಿ ಹೊಸ ಪಿಂಚಣಿ ಬಂದದ್ದು 1-4-2013ರಿಂದ. ಅನುದಾನಿತ ಶಾಲೆಯವರಿಗೂ ಸರ್ಕಾರದ ಪಾಲನ್ನು ಸರ್ಕಾರವೇ ಹಾಕುತ್ತೆ, ಮ್ಯಾನೇಜರನ್ನು ಕೇಳೋದಿಲ್ಲ. ಅನುದಾನಿತ ಶಾಲಾ ನೌಕರರಿಗೆ ಅಂತಲೇ ಬೇರೆ ಪ್ರಾವಿಡೆಂಟ್ ಫಂಡೂ ಇದೆ. ನನ್ನ ತಂಗಿ ಪುತ್ತೂರಿನ ಕಡೆ ಅನುದಾನಿತ ಶಾಲೆಯಲ್ಲಿದ್ದಾಳೆ, ಅವಳಿಗೆ ಇದ್ಯಾವುದೂ ಇಲ್ಲ. ಒಂದೇ ಮನೆಯಿಂದ ಹೊರಟವರು ನಾವು. ಹಬ್ಬಕ್ಕೆ ಸೇರಿದಾಗ ಈ ಮಾತು ಬಂದರೆ ನನಗೇ ಸಂಕಟ ಆಗುತ್ತೆ.

ಮಲ್ನಾಡ್ ಹುಡ್ಗ (ರಾತ್ರಿ 10:20)

ನನ್ನ ಮೊದಲ ಉತ್ತರ ತಪ್ಪು, ಕ್ಷಮಿಸಿ. ಆದರೆ ಈ ವರ್ಷ ಜನವರಿಯಲ್ಲಿ ಒಂದು ಆದೇಶ ಬಂತಲ್ಲ? 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿದ್ದವರಿಗೆ ಹಳೇ ಪಿಂಚಣಿ ಅಂತ. ಸುಮಾರು 13,000 ಜನರಿಗೆ ಅಂತ ಪೇಪರಿನಲ್ಲಿತ್ತು. ವಿಜ್ಞಾನದ ಮೇಷ್ಟ್ರು 1994ರವರು, ಅವರಿಗೆ ಸಿಗಬೇಕಲ್ವಾ?

ಹಳೇ ಗುಮಾಸ್ತ (ರಾತ್ರಿ 10:55)

ಆ ಆದೇಶ ಸರ್ಕಾರಿ ನೌಕರರದ್ದು. ಅಧಿಸೂಚನೆ ಮೊದಲೇ ಹೊರಟು, ಆಯ್ಕೆ ತಡವಾಗಿ, 2006ರ ನಂತರ ಕೆಲಸಕ್ಕೆ ಹಾಜರಾದವರಿಗೆ. ನಮ್ಮ ಮೇಷ್ಟ್ರದ್ದು ಸರ್ಕಾರದ ಅಧಿಸೂಚನೆಯಿಂದ ಆದ ನೇಮಕ ಅಲ್ಲ. ಅದೇ ನ್ಯಾಯ ನಮಗೂ ಬೇಕು ಅಂತ ಕೇಳಬಹುದು, ಕೇಳಲೇಬೇಕು. ಆದರೆ ಆ ಆದೇಶ ಕೈಯಲ್ಲಿ ಹಿಡಿದು ಹೋದರೆ ಇವರ ಅರ್ಜಿ ವಾಪಸ್ ಬರುತ್ತೆ.

ಹುಬ್ಬಳ್ಳಿ ಪಿಎಫ್ ಅಕ್ಕ (ಜುಲೈ 5, ಮಧ್ಯಾಹ್ನ 1:30)

ನಾನು ಹುಬ್ಬಳ್ಳಿಯಲ್ಲಿ ಸಂಸ್ಥೆಗಳಿಗೆ ಪಿಎಫ್ ಲೆಕ್ಕ ಮಾಡಿಕೊಡುವವಳು. ಮೇಷ್ಟ್ರ ಮೊದಲ ಪೋಸ್ಟಿನಲ್ಲಿ ಎಲ್ಲರೂ ದಾಟಿ ಹೋದ ಒಂದು ಸಾಲಿದೆ. "ಇದೇ ಟ್ರಸ್ಟಿನ ಅನುದಾನ ಇಲ್ಲದ ಶಾಲೆಗೆ 2006ರಲ್ಲಿ ಸೇರಿದೆ." ಸರ್, ಆ ನಾಲ್ಕು ವರ್ಷ ನಿಮಗೆ ಪಿಎಫ್ ಕಡಿತ ಆಗ್ತಿತ್ತಾ? ಸಂಬಳ ಎಷ್ಟಿತ್ತು? ಆ ದುಡ್ಡು ಆಮೇಲೆ ತೆಗೆದಿರಾ?

ಗಣಿತ ಮೇಷ್ಟ್ರು (ಮಧ್ಯಾಹ್ನ 3:45)

ಅಕ್ಕಾ, 4,500 ಸಂಬಳ. ಕೈಗೆ 3,960 ಬರ್ತಿತ್ತು, ಅದು ಮಾತ್ರ ಚೆನ್ನಾಗಿ ನೆನಪಿದೆ. ಯಾಕಂದ್ರೆ 960 ಮನೆ ಬಾಡಿಗೆಗೆ ಸರಿಹೋಗ್ತಿತ್ತು. ದುಡ್ಡು ತೆಗೆದಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಅದನ್ನು ಮರೆತೇಬಿಟ್ಟೆ. ಯುಎಎನ್ ನಂಬರ್ ಕೂಡ ಇಲ್ಲ.

ಹುಬ್ಬಳ್ಳಿ ಪಿಎಫ್ ಅಕ್ಕ (ರಾತ್ರಿ 9:00)

ಹಾಗಾದರೆ ನಿಮ್ಮದು ಬರೀ ಎನ್‌ಪಿಎಸ್ ಪ್ರಶ್ನೆ ಅಲ್ಲ. ನಿಧಾನವಾಗಿ ಹೇಳ್ತೀನಿ.

ಕಡಿತ ಆದ 540 ಅಂದರೆ 4,500ರ 12%. ಟ್ರಸ್ಟೂ ಅಷ್ಟೇ ಹಾಕಿರಬೇಕು. ಟ್ರಸ್ಟಿನ 540ರಲ್ಲಿ 375 ಪಿಎಫ್ ಕಚೇರಿಯ ಪಿಂಚಣಿ ನಿಧಿಗೆ, ಉಳಿದ 165 ನಿಮ್ಮ ಖಾತೆಗೆ. ಖಾತೆಯಲ್ಲಿ ತಿಂಗಳಿಗೆ 705ರ ಹಾಗೆ 48 ತಿಂಗಳು, ಅಸಲೇ 33,840. ಯುಎಎನ್ ಬಂದದ್ದು 2014ರಲ್ಲಿ, ಆಗ ವಂತಿಗೆ ಕಟ್ಟುತ್ತಿದ್ದವರಿಗೆ ಕೊಟ್ಟರು. ನಿಮ್ಮದು 2010ಕ್ಕೇ ನಿಂತಿದ್ದರಿಂದ ಸಿಕ್ಕಿಲ್ಲ. ದುಡ್ಡು ಎಲ್ಲೂ ಹೋಗಿರೋದಿಲ್ಲ. ಟ್ರಸ್ಟ್ ಕಚೇರಿಯಲ್ಲಿ ಆ ವರ್ಷಗಳ 3ಎ ಫಾರಂ ಇರುತ್ತೆ. ಒಬ್ಬೊಬ್ಬರಿಗೆ ವರ್ಷಕ್ಕೆ ಒಂದು ಹಾಳೆ, ತಿಂಗಳು ತಿಂಗಳಿನ ಲೆಕ್ಕ, ಮೇಲೆ ನಿಮ್ಮ ಪಿಎಫ್ ನಂಬರ್. ಅದರ ಜೆರಾಕ್ಸ್ ತೆಗೆದುಕೊಳ್ಳಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಹೊಸದಾಗಿ ಕೆಲಸಕ್ಕೆ ಸೇರುವಾಗಲೇ ಸಂಬಳ ಪಿಎಫ್ ಮಿತಿ ದಾಟಿದ್ದರೆ, ಹಿಂದೆ ಸದಸ್ಯರೂ ಆಗಿರದಿದ್ದರೆ, ಅವರನ್ನು ಪಿಎಫ್‌ನಿಂದ ಹೊರಗಿಡಬಹುದು. ಆ ಮಿತಿ 2014ರ ಆಗಸ್ಟ್‌ವರೆಗೆ 6,500 ಇತ್ತು, ಸೆಪ್ಟೆಂಬರಿನಿಂದ 15,000. ನೇರವಾಗಿ ಅನುದಾನಿತ ಹುದ್ದೆಗೆ ಬಂದ ಶಿಕ್ಷಕರ ಸಂಬಳ ಸಾಮಾನ್ಯವಾಗಿ ಮಿತಿ ದಾಟಿರುತ್ತೆ, ಅದಕ್ಕೇ ಅವರಿಗೆ ಈ ಬಾಗಿಲು ಮುಚ್ಚಿರುತ್ತೆ. ನಿಮ್ಮದು ಹಾಗಲ್ಲ. ನೀವು 4,500ಕ್ಕೇ ಸದಸ್ಯರಾದಿರಿ. ಒಮ್ಮೆ ಸದಸ್ಯರಾಗಿ ಅದೇ ಮಾಲೀಕರ ಹತ್ತಿರ ಮುಂದುವರಿದರೆ, ಸಂಬಳ ಮಿತಿ ದಾಟಿದರೂ ಸದಸ್ಯತ್ವ ಉಳಿಯುತ್ತೆ. ಮಿತಿಯಷ್ಟು ಮೊತ್ತದ ಮೇಲಾದರೂ ಕಟ್ಟಬೇಕು. ನೀವು ಕೆಲಸ ಬಿಟ್ಟಿಲ್ಲ, ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ ಹೋದಿರಿ, ಅಷ್ಟೇ. ಒಂದೇ ಟ್ರಸ್ಟಿನ ಶಾಖೆಗಳನ್ನು ಪಿಎಫ್ ಕಾಯ್ದೆ ಒಂದೇ ಸಂಸ್ಥೆ ಅಂತ ನೋಡುತ್ತೆ.

ಟ್ರಸ್ಟ್ ಕಟ್ಟದೇ ಇದ್ದದ್ದು ಎಷ್ಟಾಗಬಹುದು ಅಂತ ಲೆಕ್ಕ ಹಾಕಿದೆ. 2010ರ ಜೂನ್‌ನಿಂದ 2014ರ ಆಗಸ್ಟ್‌ವರೆಗೆ 51 ತಿಂಗಳು. 6,500ರ ಮೇಲೆ ಎರಡೂ ಪಾಲು ಸೇರಿ 1,560. ಒಟ್ಟು 79,560. ಅಲ್ಲಿಂದ ಕಳೆದ ತಿಂಗಳವರೆಗೆ 118 ತಿಂಗಳು, 15,000ದ ಮೇಲೆ 3,600. ಒಟ್ಟು 4,24,800. ಎರಡೂ ಸೇರಿದರೆ 5,04,360. ಇದು ಅಸಲು. ಬಾಕಿಗೆ ವರ್ಷಕ್ಕೆ 12% ಬಡ್ಡಿ, ಮೇಲೆ ದಂಡ ಬೇರೆ. ಇನ್ನೊಂದು ವಿಷಯ ಎಷ್ಟೋ ಸಂಸ್ಥೆಗಳಿಗೇ ಗೊತ್ತಿಲ್ಲ. ಆಯಾ ತಿಂಗಳು ಕಡಿತ ಮಾಡದೆ ಬಿಟ್ಟ ನೌಕರರ ಪಾಲನ್ನು ಆಮೇಲೆ ನೌಕರರ ಸಂಬಳದಿಂದ ಹಿಡಿಯೋಕೆ ಬರೋದಿಲ್ಲ. ಎರಡು ಪಾಲೂ ಸಂಸ್ಥೆಯ ತಲೆಗೇ ಬರುತ್ತೆ.

ಇದರಿಂದ ನಿಮಗೆ ಸಿಗುವ ಪಿಂಚಣಿ ದೊಡ್ಡದೇನಲ್ಲ, ಅದನ್ನೂ ಹೇಳಿಬಿಡ್ತೀನಿ. ಆ ಪಿಂಚಣಿ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ ಬರುವ ಮೊತ್ತ. ಸಂಬಳ ಅಂದರೆ 15,000 ಮಾತ್ರ. 58ಕ್ಕೆ ನಿಮಗೆ ಸುಮಾರು 6,000 ಬರಬಹುದು, ಹಳೇ ಪಿಂಚಣಿಯವರಿಗೆ ಬರುವುದರ ಮುಂದೆ ಬಹಳ ಕಡಿಮೆ. ಆದರೆ ಈಗಿನ ಸ್ಥಿತಿಯಲ್ಲಿ ನಿಮ್ಮ ನಾಲ್ಕು ವರ್ಷಕ್ಕೆ ಅದೂ ಇಲ್ಲ. ಹತ್ತು ವರ್ಷ ತುಂಬದೆ ಪಿಂಚಣಿ ಹುಟ್ಟೋದೇ ಇಲ್ಲ.

ಒಬ್ಬ ಕಾರ್ಯದರ್ಶಿ (ರಾತ್ರಿ 9:50)

ಮೇಡಂ, ಒಬ್ಬರಿಗೇ ಇಷ್ಟಾದರೆ ಸಂಸ್ಥೆ ಬಾಗಿಲು ಹಾಕಬೇಕಾಗುತ್ತೆ. ಅದೂ ಅಲ್ಲದೆ ಅನುದಾನಿತ ಶಾಲೆಗೆ ಪಿಎಫ್ ಕಾಯ್ದೆಯೇ ಬರೋದಿಲ್ಲ ಅಂತ ನಮ್ಮ ಆಡಿಟರ್ ಹೇಳಿದ್ದಾರೆ.

ಹುಬ್ಬಳ್ಳಿ ಪಿಎಫ್ ಅಕ್ಕ (ರಾತ್ರಿ 10:30)

ನಿಮ್ಮ ಆಡಿಟರ್ ಹೇಳಿದ್ದು ಹಳೇ ಸಿಬ್ಬಂದಿಗೆ ಸರಿ ಇರಬಹುದು. ಶಿಕ್ಷಣ ಸಂಸ್ಥೆಗಳನ್ನು 1982ರಲ್ಲೇ ಪಿಎಫ್ ಕಾಯ್ದೆಗೆ ತಂದಿದ್ದಾರೆ. ಅನುದಾನಿತ ಶಾಲೆಗಳು ಹೊರಗುಳಿಯಲು ಹಿಡಿಯುವುದು ಸೆಕ್ಷನ್ 16ನ್ನು. ಅದು ಎರಡು ಮಾತು ಕೇಳುತ್ತೆ. ಸಂಸ್ಥೆ ಸರ್ಕಾರದ್ದೋ ಸರ್ಕಾರದ ಹಿಡಿತದಲ್ಲಿರುವುದೋ ಆಗಿರಬೇಕು. ಜೊತೆಗೆ ಅದರ ನೌಕರರಿಗೆ ಸರ್ಕಾರದ ನಿಯಮದಂತೆ ಪ್ರಾವಿಡೆಂಟ್ ಫಂಡೋ ವೃದ್ಧಾಪ್ಯ ಪಿಂಚಣಿಯೋ ಇರಬೇಕು. 2006ಕ್ಕೆ ಮೊದಲಿನವರಿಗೆ ಪಿಂಚಣಿ ಇದೆ, ಹಾಗಾಗಿ ಅವರ ಮಟ್ಟಿಗೆ ಈ ವಾದ ನಿಲ್ಲುತ್ತೆ. ನಂತರದವರಿಗೆ ಎರಡೂ ಇಲ್ಲ. ಹಾಗಿರುವಾಗ ವಿನಾಯಿತಿ ಹೇಗೆ ಕೇಳ್ತೀರಿ? ಆದೇಶದಲ್ಲಿ ಎನ್‌ಪಿಎಸ್ ಅಂತ ಬರೆದಿದೆಯಲ್ಲ, ಅದು ಸಾಕು ಅಂತ ಸಂಸ್ಥೆಯ ವಕೀಲರು ಹೇಳಬಹುದು. ಕಾಗದದಲ್ಲಿ ಇದ್ದು ಖಾತೆಯಲ್ಲಿ ಇಲ್ಲದ ಪಿಂಚಣಿಯನ್ನು ಪಿಂಚಣಿ ಅಂತ ಒಪ್ಪಬೇಕಾ ಅನ್ನೋದು ಪಿಎಫ್ ಕಚೇರಿ ನಡೆಸುವ 7ಎ ವಿಚಾರಣೆಯಲ್ಲಿ ತೀರ್ಮಾನ ಆಗಬೇಕಾದ ಮಾತು. ಎರಡೂ ಕಡೆ ವಾದ ಇದೆ. ಖಂಡಿತ ಗೆಲ್ತೀರಿ ಅಂತ ನಾನು ಮೇಷ್ಟ್ರಿಗೆ ಹೇಳೋದಿಲ್ಲ.

ಶಾರದಮ್ಮ (ಜುಲೈ 6, ಬೆಳಿಗ್ಗೆ 10:15)

ನಾನು ಶಿಕ್ಷಕಿ ಅಲ್ಲ. ನಮ್ಮ ಯಜಮಾನರು ಒಂದು ಅನುದಾನಿತ ಪಿಯು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. 2007ರಲ್ಲಿ ಸೇರಿ 2021ರಲ್ಲಿ ನಿವೃತ್ತಿ ಆದರು. ಪಿಂಚಣಿ ಇಲ್ಲ ಅಂದರು, ಬಾಯಿ ಮುಚ್ಚಿಕೊಂಡು ಮನೆಗೆ ಬಂದರು. ಮಗಳು ಕಾನೂನು ಓದುತ್ತಿದ್ದಳು. ಅವಳೇ ಹೇಳಿದ್ದು, ಪಿಂಚಣಿ ಬೇರೆ, ಗ್ರಾಚ್ಯುಟಿ ಬೇರೆ ಅಂತ. ಫಾರಂ ಬರೆದು ಕಾಲೇಜಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆವು. ಉತ್ತರ ಬರಲಿಲ್ಲ. ಆಮೇಲೆ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಿದೆವು. ಹದಿಮೂರು ಸಲ ಓಡಾಡಿದ್ದೇವೆ, ಬಸ್ ಟಿಕೆಟ್‌ಗಳನ್ನು ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೊನೆಗೆ 2,42,308 ಕೊಡಬೇಕು ಅಂತ ಆದೇಶ ಆಯಿತು. ಕಾಲೇಜಿನವರು ಮೂರು ಕಂತಿನಲ್ಲಿ ಕೊಟ್ಟರು. ಅದರಲ್ಲೇ ಯಜಮಾನರ ಕಣ್ಣಿನ ಆಪರೇಷನ್ ಮಾಡಿಸಿದೆವು. ಮೇಷ್ಟ್ರಿಗೂ ಇದು ಸಿಗಬಹುದೇನೋ, ನೋಡಿ.

ಹಳೇ ಗುಮಾಸ್ತ (ಬೆಳಿಗ್ಗೆ 11:40)

ಶಾರದಮ್ಮನವರೇ, ದೊಡ್ಡ ಉಪಕಾರ ಮಾಡಿದಿರಿ. ಪಿಂಚಣಿ ಹಿಂದೆ ಓಡುತ್ತಾ ನಾನು ಇದನ್ನು ಹೇಳೋದನ್ನೇ ಬಿಟ್ಟಿದ್ದೆ.

ಶಿಕ್ಷಕರಿಗೆ ಗ್ರಾಚ್ಯುಟಿ ಕಾಯ್ದೆ ಬರೋದಿಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಇವತ್ತಿಗೂ ಎಷ್ಟೋ ಸಂಸ್ಥೆಗಳು ಅದನ್ನೇ ಹೇಳಿ ಕಳಿಸುತ್ತವೆ. ಆದರೆ 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಶಿಕ್ಷಕರನ್ನು 3-4-1997ರಿಂದಲೇ ಅನ್ವಯವಾಗುವಂತೆ ಸೇರಿಸಿತು. ಆ ತಿದ್ದುಪಡಿ ಸರಿ ಅಂತ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ವಿಜ್ಞಾನದ ಮೇಷ್ಟ್ರ ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿ ಎಷ್ಟು? 75,000 ಅಂತ ಇಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ. ವರ್ಷಕ್ಕೆ 43,269. ಮೂವತ್ತು ವರ್ಷಕ್ಕೆ ಸುಮಾರು 12,98,000. 20 ಲಕ್ಷದ ಮಿತಿಯೊಳಗೇ ಇದೆ. ಇಲ್ಲಿ 30 ವರ್ಷವನ್ನೂ ಕೇಳಬೇಕು. 2014ರ ಕಾಯ್ದೆ ಹಿಂದಿನ ಸೇವೆ ಲೆಕ್ಕಕ್ಕಿಲ್ಲ ಅನ್ನೋದು ಅನುದಾನದ ವೇತನ, ಪಿಂಚಣಿಯ ಮಾತು ಅಂತ ನನ್ನ ತಿಳುವಳಿಕೆ. ಗ್ರಾಚ್ಯುಟಿ ಕಾಯ್ದೆ ಕೇಂದ್ರದ್ದು, ಬೇರೆ ಕಾಯ್ದೆ ಏನೇ ಹೇಳಿದರೂ ನನ್ನ ಮಾತೇ ನಡೆಯಬೇಕು ಅಂತ ಅದರ 14ನೇ ಸೆಕ್ಷನ್ ಹೇಳುತ್ತೆ. ಅದು ನೋಡೋದು ಮಾಲೀಕರ ಹತ್ತಿರ ಎಷ್ಟು ವರ್ಷ ದುಡಿದಿರಿ ಅನ್ನೋದನ್ನು. ಸಂಸ್ಥೆ ಇದನ್ನು ಒಪ್ಪದೆ ಜಗಳ ತೆಗೆಯುತ್ತೆ, ಸಿದ್ಧವಾಗಿರಿ. ಸರ್ಕಾರ ಕೊಡಲಿ ಅಂತಲೂ ಹೇಳುತ್ತೆ. ಆ ಜಗಳ ಅವರಿಬ್ಬರ ನಡುವೆ ಇರಲಿ, ಅರ್ಜಿಯಲ್ಲಿ ಇಬ್ಬರನ್ನೂ ಸೇರಿಸಿ.

ಫಾರಂ ಐ ಅನ್ನು ನಿವೃತ್ತಿಯಾದ 30 ದಿನದೊಳಗೆ ಸಂಸ್ಥೆಗೆ ಕೊಡಬೇಕು. ತಡವಾದರೆ ಹಕ್ಕು ಹೋಗೋದಿಲ್ಲ, ಆದರೆ ತಡ ಯಾಕೆ? ಅವರು ಜೂನ್ 30ಕ್ಕೆ ನಿವೃತ್ತಿ ಆಗಿದ್ದರೆ ಇನ್ನೂ ಸಮಯ ಇದೆ.

ಹುಬ್ಬಳ್ಳಿ ಪಿಎಫ್ ಅಕ್ಕ (ಮಧ್ಯಾಹ್ನ 12:20)

ಕಾರ್ಯದರ್ಶಿ ಸರ್, ಇದು ನಿಮಗೆ. ಈ ವರ್ಷ ಜನವರಿಯಲ್ಲಿ ನಮ್ಮ ರಾಜ್ಯ ಕಡ್ಡಾಯ ಗ್ರಾಚ್ಯುಟಿ ವಿಮೆ ನಿಯಮ ತಂದಿದೆ. ಗ್ರಾಚ್ಯುಟಿ ಹೊಣೆಗೆ ಮಾಲೀಕರು ವಿಮೆ ಮಾಡಿಸಲೇಬೇಕು. ನಿಮ್ಮಲ್ಲಿ ಎಂಟು ಜನ ಒಂದೇ ವರ್ಷ ನಿವೃತ್ತಿ ಆಗೋದಿಲ್ಲ. ವರ್ಷ ವರ್ಷ ಸ್ವಲ್ಪ ಕಂತು ಕಟ್ಟಿದರೆ, ಯಾರೋ ಒಬ್ಬರು ನಿವೃತ್ತರಾದಾಗ ಒಮ್ಮೆಗೇ 13 ಲಕ್ಷ ಹುಡುಕುವ ಪರಿಸ್ಥಿತಿ ಬರೋದಿಲ್ಲ.

ಒಬ್ಬ ಕಾರ್ಯದರ್ಶಿ (ಸಂಜೆ 5:00)

ಈ ವಿಮೆ ವಿಷಯ ನನಗೆ ಗೊತ್ತಿರಲಿಲ್ಲ. ಮುಂದಿನ ಸಭೆಯಲ್ಲಿ ಇಡ್ತೀನಿ. ಎನ್‌ಪಿಎಸ್ ಪಾಲಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಸಂಬಳ ಕೊಡುವವರೇ ಅದನ್ನೂ ಕೊಡಬೇಕು, ಕೇರಳದ ಹಾಗೆ.

ಗಣಿತ ಮೇಷ್ಟ್ರು (ಜುಲೈ 9, ರಾತ್ರಿ 9:30)

ಎಲ್ಲರಿಗೂ ಕೈ ಮುಗಿದೆ. ಇವತ್ತು ನಡೆದದ್ದು ಹೇಳ್ತೀನಿ.

ಟ್ರಸ್ಟ್ ಕಚೇರಿಯ ಕಬ್ಬಿಣದ ಬೀರುವಿನಲ್ಲಿ 3ಎ ಫಾರಂ ಸಿಕ್ಕಿತು. ಹಳದಿಯಾದ ಕಾರ್ಬನ್ ಕಾಪಿ. ನಾಲ್ಕು ವರ್ಷಕ್ಕೆ ಐದು ಹಾಳೆ, ಅವರ ವರ್ಷ ಮಾರ್ಚ್‌ನಿಂದ ಫೆಬ್ರವರಿಯಂತೆ. 540, 375, 165, ಅಕ್ಕ ಹೇಳಿದ ಅಂಕಿಗಳೇ. ಕೊನೆಯ ಹಾಳೆಯಲ್ಲಿ ಕೆಲಸ ಬಿಟ್ಟ ದಿನ 31-5-2010, ಕಾರಣ "ರಾಜೀನಾಮೆ" ಅಂತ ಬರೆದಿದ್ದಾರೆ. ನಾನು ರಾಜೀನಾಮೆ ಕೊಟ್ಟೇ ಇಲ್ಲ. ಮಾರನೇ ದಿನ ಅದೇ ಆವರಣದಲ್ಲಿ ಹೈಸ್ಕೂಲಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದೇನೆ. ಇನ್ನೊಂದು ತೊಂದರೆ, ನನ್ನ ತಂದೆಯ ಹೆಸರು ತಪ್ಪಾಗಿದೆ.

ವಿಜ್ಞಾನದ ಮೇಷ್ಟ್ರ ಮನೆಗೂ ಹೋಗಿದ್ದೆ. ಮೊದಲು ಬೇಡ ಅಂದರು. "ಮೂವತ್ತು ವರ್ಷ ಅನ್ನ ಹಾಕಿದ ಸಂಸ್ಥೆ ಮೇಲೆ ಅರ್ಜಿ ಹಾಕೋದಾ?" ಅಂದರು. ಅವರ ಮನೆಯವರು ಅಡುಗೆಮನೆಯಿಂದಲೇ, "ಫಾರಂ ತಗೊಂಡು ಬಾರಪ್ಪ, ಸಹಿ ಮಾಡಿಸೋದು ನನ್ನ ಜವಾಬ್ದಾರಿ" ಅಂದರು. ನಾಳೆ ಕಳಿಸ್ತೇವೆ.

ಹುಬ್ಬಳ್ಳಿ ಪಿಎಫ್ ಅಕ್ಕ (ರಾತ್ರಿ 10:10)

"ರಾಜೀನಾಮೆ" ಅನ್ನೋ ಆ ಒಂದು ಪದದ ಮೇಲೆ ನಿಮ್ಮ ಇಡೀ ಅರ್ಜಿ ನಿಂತಿದೆ ಸರ್. 2010ರ ಜೂನ್ ತಿಂಗಳ ಹಾಜರಿ ಪುಸ್ತಕದ ಪುಟದ ಪ್ರತಿ, ಮುಖ್ಯೋಪಾಧ್ಯಾಯರ ದೃಢೀಕರಣದ ಜೊತೆ ತೆಗೆದುಕೊಳ್ಳಿ. ಮೇ 31, ಜೂನ್ 1, ನಡುವೆ ಒಂದು ದಿನವೂ ಬಿಟ್ಟಿಲ್ಲ ಅಂತ ಅದರಲ್ಲಿ ಕಾಣಬೇಕು. ತಂದೆಯ ಹೆಸರನ್ನು ಜಂಟಿ ಘೋಷಣೆ ಕೊಟ್ಟು ತಿದ್ದಿಸಬಹುದು, ಅದಕ್ಕೆ ಟ್ರಸ್ಟಿನ ಸಹಿ ಬೇಕು. ಸಂಬಂಧ ಕೆಡುವ ಮೊದಲೇ ಆ ಸಹಿ ಹಾಕಿಸಿಕೊಳ್ಳಿ.

ಕಾಸರಗೋಡು ಕನ್ನಡತಿ (ರಾತ್ರಿ 10:40)

ನನ್ನ ತಂಗಿಯ ಅನುಮೋದನೆ ಆದೇಶ 2012ರದ್ದು. ಅದರಲ್ಲಿ ಎನ್‌ಪಿಎಸ್ ಅನ್ನೋ ಪದವೇ ಇಲ್ಲ, "ಸರ್ಕಾರದಿಂದ ಪಿಂಚಣಿ ಸೌಲಭ್ಯ ಇರುವುದಿಲ್ಲ" ಅಂತಷ್ಟೇ ಇದೆ. ಅವಳು ನೇರವಾಗಿ ಅನುದಾನಿತ ಹುದ್ದೆಗೇ ಸೇರಿದ್ದು, ಪಿಎಫ್ ಯಾವತ್ತೂ ಇರಲಿಲ್ಲ. ಹಾಗಾದರೆ ಅವಳಿಗೆ ಗ್ರಾಚ್ಯುಟಿ ಒಂದೇನಾ?

ಹಳೇ ಗುಮಾಸ್ತ (ರಾತ್ರಿ 11:05)

ಸದ್ಯಕ್ಕೆ ಕೈಗೆ ಸಿಗುವುದು ಅದೊಂದೇ ಅಂತ ಕಾಣುತ್ತೆ ತಾಯಿ. ಎನ್‌ಪಿಎಸ್ ಪಾಲು ಮಂಡಳಿಯೇ ಕಟ್ಟಬೇಕು ಅಂತ ಒತ್ತಾಯಿಸಲು ಮೇಷ್ಟ್ರ ಕೈಯಲ್ಲಿ ಆರನೇ ಷರತ್ತು ಇದೆ, ನಿಮ್ಮ ತಂಗಿಯ ಕೈಯಲ್ಲಿ ಅದೂ ಇಲ್ಲ. ಆ ಆದೇಶದ ಪೂರ್ತಿ ಪ್ರತಿ ಹಾಕಿ, ಹೆಸರು ಮುಚ್ಚಿ. ಬೇರೆಯವರೂ ತಮ್ಮ ಆದೇಶದ ಷರತ್ತಿನ ಸಾಲು ಮತ್ತು ವರ್ಷ ಇಲ್ಲಿ ಬರೆಯಿರಿ. ಯಾವ ವರ್ಷದಲ್ಲಿ ಇಲಾಖೆ ಏನು ಬರೆದಿದೆ ಅಂತ ಒಟ್ಟಿಗೆ ನೋಡೋಣ.

ಮೇಷ್ಟ್ರೇ, ನಾಳೆ ಫಾರಂ ಕಳಿಸುವಾಗ ಸ್ವೀಕೃತಿ ಕಾರ್ಡ್ ಹಚ್ಚೋದು ಮರೀಬೇಡಿ. ಆ 3ಎ ಹಾಳೆಗಳ ಜೆರಾಕ್ಸಿನ ಮೇಲೆ ಟ್ರಸ್ಟಿನ ಸೀಲು ಹಾಕಿಸಿ, ಒಂದು ಪ್ರತಿ ಮನೆಯಲ್ಲೇ ಇರಲಿ.

ಗಣಿತ ಮೇಷ್ಟ್ರು (ರಾತ್ರಿ 11:15)

ಸರಿ ಗುರುಗಳೇ. ಸೀಲು ಇರೋದು ಕಾರ್ಯದರ್ಶಿಗಳ ಮನೆಯಲ್ಲಿ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಹೋಗಿ ಬರ್ತೀನಿ.